ಪರೀಕ್ಷಾ ನಿಯಮ ಬದಲಾದ ವರ್ಷದ ಪೋಷಕರ ಸಭೆ: ಪ್ರಾಂಶುಪಾಲರು ಏನು ತೋರಿಸಬೇಕು, ಮನೆಯವರು ಏನು ಮಾಡಬೇಕು

ನಿಯಮ ಬದಲಾದ ವರ್ಷ ಹೆಚ್ಚಿನ ಶಾಲೆಗಳಲ್ಲಿ ಸಭೆ ನಡೆಯುವ ರೀತಿ ಒಂದೇ. ಮಂಡಳಿಯ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಪರದೆಗೆ ಹಾಕುತ್ತಾರೆ, ಪ್ರಾಂಶುಪಾಲರು ಅದನ್ನು ಸಾಲು ಸಾಲಾಗಿ ಓದುತ್ತಾರೆ, ಪೋಷಕರು ತಲೆಯಾಡಿಸುತ್ತಾರೆ. ಗೇಟು ದಾಟುವ ಮೊದಲೇ ಒಬ್ಬರು ಇನ್ನೊಬ್ಬರನ್ನು ಕೇಳುತ್ತಾರೆ: "ಹಾಗಾದ್ರೆ ಪಾಸಾಗೋಕೆ ಎಷ್ಟು ಬೇಕಂತೆ?" ಸಭೆ ಗೆದ್ದಿತೋ ಸೋತಿತೋ ಎಂಬುದು ಈ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಸುತ್ತೋಲೆ ಬರೆದಿರುವುದು ಶಾಲೆಗಾಗಿ. ಪೋಷಕರಿಗೆ ಬೇಕಾದದ್ದು ಅದೇ ನಿಯಮ ಒಂದು ಮಗುವಿನ ಅಂಕಪಟ್ಟಿಯ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬ ಲೆಕ್ಕ. ಆದ್ದರಿಂದ ಇಡೀ ಸಭೆಯನ್ನು ಒಂದು ಅಂಕಪಟ್ಟಿಯ ಸುತ್ತ ಕಟ್ಟುವ ಕ್ರಮವನ್ನು ಇಲ್ಲಿ ಹೇಳಿದೆ.

ಉದಾಹರಣೆಗೆ ತೆಗೆದುಕೊಂಡಿರುವುದು ಹಲವು ಕಡೆ ಕಾಣಸಿಗುವಂಥ ಮೂರು ಬಗೆಯ ಬದಲಾವಣೆ: ಲಿಖಿತ ಪರೀಕ್ಷೆಗೆ ಪ್ರತ್ಯೇಕ ಕನಿಷ್ಠ ಅಂಕ, ವರ್ಷಕ್ಕೆ ಎರಡು ಬಾರಿ ಬರೆಯುವ ಅವಕಾಶ, ಕಂಠಪಾಠಕ್ಕೆ ಸಿಗದ ಅನ್ವಯ ಪ್ರಶ್ನೆಗಳ ಹೆಚ್ಚಳ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಮಂಡಳಿಯ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಸುತ್ತೋಲೆಯನ್ನು ನಾಲ್ಕು ಪ್ರಶ್ನೆಗೆ ಇಳಿಸುವುದು

ಸ್ಲೈಡು ಮಾಡಲು ಕೂರುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಂಡು ಪ್ರತಿ ಬದಲಾವಣೆಗೂ ನಾಲ್ಕು ಉತ್ತರ ಬರೆಯಿರಿ. ಹಿಂದೆ ಹೇಗಿತ್ತು? ಈಗ ಹೇಗೆ? ಯಾವ ತರಗತಿಗೆ, ಯಾವ ವರ್ಷದಿಂದ? ಹಳೆಯ ನಿಯಮದಲ್ಲಿ ಬರೆದು ಉಳಿಸಿಕೊಂಡವರಿಗೆ ಏನು? ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ಆದರೆ ಸಭೆಯ ಕೊನೆಯಲ್ಲಿ ಎದ್ದು ನಿಲ್ಲುವ ಪೋಷಕರು ಕೇಳುವುದು ಅದನ್ನೇ, ಏಕೆಂದರೆ ಅವರ ದೊಡ್ಡ ಮಗ ಕಳೆದ ವರ್ಷ ಒಂದು ವಿಷಯ ಉಳಿಸಿಕೊಂಡಿರುತ್ತಾನೆ.

ಆ ಹಾಳೆಯಲ್ಲಿ ಉತ್ತರ ಸಿಗದ ಖಾನೆ ಉಳಿದರೆ ಅಂದಾಜಿನಿಂದ ತುಂಬಬೇಡಿ. ಮಂಡಳಿಗೆ ಲಿಖಿತವಾಗಿ ಕೇಳಿ. ಸಭೆಯ ಹೊತ್ತಿಗೆ ಉತ್ತರ ಬಂದಿರದಿದ್ದರೆ ಆ ಖಾನೆಯನ್ನು ಖಾಲಿಯಾಗಿಯೇ ತೋರಿಸಿ, "ಇದಕ್ಕೆ ಸ್ಪಷ್ಟನೆ ಕೇಳಿದ್ದೇವೆ, ಬಂದ ದಿನವೇ ತಿಳಿಸುತ್ತೇವೆ" ಎನ್ನಿ. ವೇದಿಕೆಯಿಂದ ಪ್ರಾಂಶುಪಾಲರು ಊಹಿಸಿ ಹೇಳಿದ ಮಾತು ಮರುದಿನ ಮನೆಮನೆಯಲ್ಲಿ ನಿಯಮವಾಗಿಬಿಡುತ್ತದೆ. ಅದನ್ನು ವಾಪಸ್ ತೆಗೆದುಕೊಳ್ಳುವುದು ಬಹಳ ಕಷ್ಟ.

ಬದಲಾಗದೆ ಉಳಿದ ಸಂಗತಿಗಳನ್ನೂ ಒಂದೇ ಸಾಲಿನಲ್ಲಿ ಬರೆದಿಡಿ: ಪಠ್ಯಪುಸ್ತಕ ಅದೇ, ಪರೀಕ್ಷೆಯ ಅವಧಿ ಅದೇ, ಭಾಷಾ ವಿಷಯಗಳ ಆಯ್ಕೆ ಅದೇ, ಹೀಗೆ. ಗಾಬರಿಯಿಂದ ಬಂದ ಪೋಷಕರಿಗೆ ಮೊದಲು ಬೇಕಾದದ್ದು ಈ ಸಾಲು. ಅದನ್ನು ಕೇಳಿದ ಮೇಲೆಯೇ ಅವರ ಕಿವಿ ಉಳಿದದ್ದಕ್ಕೆ ತೆರೆಯುತ್ತದೆ.

ಒಂದು ಅಂಕಪಟ್ಟಿ, ಎರಡು ಲೆಕ್ಕ

ಸಭೆಯ ಹೃದಯಭಾಗ ಇದು. 40 ನಿಮಿಷದ ಮಾತಿನಲ್ಲಿ 15 ನಿಮಿಷ ಇದಕ್ಕೇ ಮೀಸಲಿಡಿ.

ವಿಜ್ಞಾನ ವಿಷಯವನ್ನು ತೆಗೆದುಕೊಳ್ಳೋಣ. ಒಟ್ಟು 100 ಅಂಕ: ಲಿಖಿತ ಪರೀಕ್ಷೆ 80, ಆಂತರಿಕ ಅಂಕ 20. ಹಳೆಯ ನಿಯಮದಲ್ಲಿ ಎರಡೂ ಸೇರಿ 35 ಬಂದರೆ ಪಾಸು. ಹೊಸ ನಿಯಮದಲ್ಲಿ ಒಟ್ಟು 35 ಬೇಕೇ ಬೇಕು, ಜೊತೆಗೆ ಲಿಖಿತದಲ್ಲೇ ಶೇಕಡಾ 35 ಬೇಕು. 80ಕ್ಕೆ ಶೇಕಡಾ 35 ಎಂದರೆ 28. ಈ 28 ಅನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಸಭೆ ಮುಗಿಯುವವರೆಗೂ ಅಳಿಸಬೇಡಿ. ಶೇಕಡಾವಾರು ಲೆಕ್ಕವನ್ನು ಪೋಷಕರ ಪಾಲಿಗೆ ಬಿಟ್ಟರೆ ಅರ್ಧ ಜನ 35 ಅನ್ನೇ ತಲೆಯಲ್ಲಿಟ್ಟುಕೊಂಡು ಹೋಗುತ್ತಾರೆ.

ಈಗ ಮೂರು ಮಕ್ಕಳ ಅಂಕ ತೋರಿಸಿ. ಹೆಸರು ಬೇಡ, ಅ, ಆ, ಇ ಎಂದರೆ ಸಾಕು. ಶಾಲೆಯ ನಿಜವಾದ ಅಂಕಪಟ್ಟಿಯನ್ನು ಹೆಸರು ಮರೆಮಾಡಿ ತೋರಿಸುವುದೂ ಬೇಡ. ಅಂಕ ನೋಡಿದರೆ ಅದು ಯಾರ ಮಗುವೆಂದು ತರಗತಿಯವರಿಗೆ ಗೊತ್ತಾಗಿಬಿಡುತ್ತದೆ.

ಅ: ಲಿಖಿತ 20, ಆಂತರಿಕ 18, ಒಟ್ಟು 38.
ಆ: ಲಿಖಿತ 27, ಆಂತರಿಕ 19, ಒಟ್ಟು 46.
ಇ: ಲಿಖಿತ 29, ಆಂತರಿಕ 8, ಒಟ್ಟು 37.

ಉತ್ತರ ನೀವು ಹೇಳಬೇಡಿ. "ಹಳೇ ಲೆಕ್ಕದಲ್ಲಿ ಯಾರ್ಯಾರು ಪಾಸು, ಕೈ ಎತ್ತಿ" ಎಂದು ಕೇಳಿ. ಮೂವರೂ ಪಾಸು ಎಂಬ ಉತ್ತರ ಬೇಗ ಬರುತ್ತದೆ. "ಈಗ ಹೊಸ ಲೆಕ್ಕದಲ್ಲಿ?" ಎಂದಾಗ ಸಭೆ ನಿಧಾನವಾಗುತ್ತದೆ. ಅ ಫೇಲು ಎಂದು ಒಪ್ಪುತ್ತಾರೆ. ಎರಡನೆಯ ಮಗು ಆ ಸರದಿ ಬಂದಾಗ ಗೊಂದಲ: 46 ಅಂಕ ತೆಗೆದವಳು ಫೇಲು, 37 ತೆಗೆದವನು ಪಾಸು! ಇಲ್ಲಿ ಅವಸರ ಮಾಡದೆ ಅರ್ಧ ನಿಮಿಷ ಸುಮ್ಮನಿರಿ. ಯಾರಾದರೂ ಒಬ್ಬರು "ಒಂದೇ ಒಂದು ಮಾರ್ಕ್ಸಿಗೆ ಹೋಯ್ತಾ?" ಎಂದು ಕೇಳಿದರೆ ನಿಯಮ ಸಭೆಗೆ ಮುಟ್ಟಿತು ಎಂದರ್ಥ. ಹೌದು, ಲಿಖಿತದ ಒಂದು ಅಂಕಕ್ಕೆ ಹೋಯಿತು. ಆಂತರಿಕದಲ್ಲಿ 19 ಬಂದಿದ್ದರೂ ಆ ಒಂದು ಅಂಕವನ್ನು ಅದು ತುಂಬಿಕೊಡಲಿಲ್ಲ.

ಇದರಿಂದ ಪೋಷಕರು ಅವಸರದಲ್ಲಿ ತಪ್ಪು ತೀರ್ಮಾನಕ್ಕೂ ಬರಬಹುದು: ಹಾಗಾದರೆ ಆಂತರಿಕ ಅಂಕಕ್ಕೆ ಬೆಲೆಯಿಲ್ಲ, ಪ್ರಾಜೆಕ್ಟು ಗಿಜೆಕ್ಟು ಬಿಟ್ಟು ಬರೀ ಓದಿಸೋಣ. ಅದಕ್ಕೆ ನಾಲ್ಕನೆಯ ಮಗು ಬೇಕು. ಈ: ಲಿಖಿತ 29, ಆಂತರಿಕ 5, ಒಟ್ಟು 34. ಲಿಖಿತದ ಗೆರೆ ದಾಟಿದರೂ ಒಟ್ಟಿನಲ್ಲಿ ಒಂದು ಅಂಕ ಕಡಿಮೆ, ಹಾಗಾಗಿ ಫೇಲು. ಲಿಖಿತದಲ್ಲಿ 28ರ ಆಸುಪಾಸಿನಲ್ಲಿರುವ ಮಗುವಿಗೆ ಆಂತರಿಕದಲ್ಲಿ ಕನಿಷ್ಠ 7 ಇರಲೇಬೇಕು. ಎರಡು ಗೆರೆಯನ್ನೂ ದಾಟಬೇಕು ಎಂಬ ಮಾತು ಈ ನಾಲ್ಕನೆಯ ಸಾಲಿನ ಮೇಲೆ ನಿಂತಾಗ ತಾನಾಗಿ ಅರ್ಥವಾಗುತ್ತದೆ.

ಕೊನೆಗೆ ಖಾಲಿ ಹಾಳೆ ಹಂಚಿ. ಅದರಲ್ಲಿ ವಿಷಯ, ಕಳೆದ ಪರೀಕ್ಷೆಯ ಲಿಖಿತ ಅಂಕ, ಆಂತರಿಕ ಅಂಕ, ಒಟ್ಟು, ದಾಟಿದ ಗೆರೆ ಎಂಬ ಐದು ಖಾನೆಗಳಿರಲಿ. ಪೋಷಕರು ತಮ್ಮ ಮಗುವಿನ ಅಂಕವನ್ನು ತಾವೇ ತುಂಬಲಿ. ಮಗುವಿನ ಪ್ರಗತಿಪತ್ರ ಕೈಯಲ್ಲಿರಬೇಕು, ಆದ್ದರಿಂದ ಸಭೆಯ ಆಮಂತ್ರಣದಲ್ಲೇ ತರಲು ಹೇಳಿ. ಮರೆತು ಬಂದವರಿಗಾಗಿ ತರಗತಿ ಶಿಕ್ಷಕರು ಪಟ್ಟಿ ಇಟ್ಟುಕೊಂಡು ಹಿಂದೆ ನಿಂತಿರಲಿ. ಓದು ಬರಹ ಬಾರದ ಪೋಷಕರ ಪಕ್ಕದಲ್ಲಿ ಒಬ್ಬ ಶಿಕ್ಷಕರು ಕುಳಿತು ಮೆಲುದನಿಯಲ್ಲಿ ತುಂಬಿಕೊಟ್ಟರಾಯಿತು. ಯಾವ ವಿಷಯದಲ್ಲಿ ಲಿಖಿತ ಅಂಕ 28ರಿಂದ 34ರೊಳಗೆ ಇದೆಯೋ ಅದಕ್ಕೆ ಸುತ್ತು ಹಾಕಲು ಹೇಳಿ. 28ಕ್ಕಿಂತ ಕೆಳಗಿನದು ಎಲ್ಲರ ಕಣ್ಣಿಗೂ ಬೀಳುತ್ತದೆ. ಗೆರೆಯ ಸ್ವಲ್ಪ ಮೇಲಿರುವುದನ್ನು "ಪಾಸಾಗ್ತಾನೆ ಬಿಡಿ" ಎಂದು ಬಿಟ್ಟುಬಿಡುತ್ತಾರೆ, ಮುಖ್ಯ ಪರೀಕ್ಷೆಯಲ್ಲಿ ಎಡವುವುದು ಹೆಚ್ಚಾಗಿ ಅಲ್ಲೇ.

ಎರಡು ಅವಕಾಶ ಎಂದರೆ ಏನಲ್ಲ

ವರ್ಷಕ್ಕೆ ಎರಡು ಪರೀಕ್ಷೆ ಎಂದ ತಕ್ಷಣ ಮನೆಯಲ್ಲಿ ಮೂರು ಅರ್ಥ ಹುಟ್ಟುತ್ತವೆ. ಮೊದಲನೆಯದು ಅಭ್ಯಾಸಕ್ಕೆ ಎಂಬುದು ಒಂದು. ಎರಡರ ಸರಾಸರಿ ತೆಗೆಯುತ್ತಾರೆ ಎಂಬುದು ಎರಡು. ಎರಡನ್ನೂ ಎಲ್ಲರೂ ಬರೆಯಲೇಬೇಕು ಎಂಬುದು ಮೂರು. ಮೂರಕ್ಕೂ ಉತ್ತರ ಸುತ್ತೋಲೆಯ ಒಂದೇ ವಾಕ್ಯದಲ್ಲಿರುತ್ತದೆ: ಯಾವ ಅಂಕವನ್ನು ಉಳಿಸಿಕೊಳ್ಳಲಾಗುತ್ತದೆ? ಆ ವಾಕ್ಯವನ್ನು ಹುಡುಕಿ, ಅದೊಂದನ್ನು ಮಾತ್ರ ಮೂಲದಲ್ಲಿದ್ದಂತೆಯೇ ಪರದೆಗೆ ಹಾಕಿ.

ಹೆಚ್ಚಿನ ಅಂಕ ಉಳಿಯುತ್ತದೆ ಎಂದಿದ್ದರೆ, ಮೊದಲ ಸಲ 52 ತೆಗೆದ ಮಗು ಎರಡನೆಯ ಸಲ 44 ತೆಗೆದರೂ 52 ಉಳಿಯುತ್ತದೆ. ಬರೆಯುವುದರಿಂದ ಅಂಕ ನಷ್ಟವಿಲ್ಲ. ಕೊನೆಯ ಪ್ರಯತ್ನದ ಅಂಕವೇ ಅಂತಿಮ ಎಂದಿದ್ದರೆ ಅದೇ ಮಗುವಿನ ಕೈಯಲ್ಲಿ 44 ಮಾತ್ರ. ಎರಡು ನಿಯಮಕ್ಕೂ ಮನೆಯಲ್ಲಿ ತೆಗೆದುಕೊಳ್ಳಬೇಕಾದ ತೀರ್ಮಾನ ಪೂರ್ತಿ ಬೇರೆ. ಜೊತೆಗೆ ಇನ್ನೊಂದು ಸಂಗತಿ ಗಮನಿಸಿ: ಆಂತರಿಕ ಅಂಕ ಎರಡನೆಯ ಸಲಕ್ಕೂ ಹಾಗೇ ಮುಂದುವರಿಯುತ್ತದೆಯೇ, ಹೊಸದಾಗಿ ಕೊಡುತ್ತಾರೆಯೇ? ಮುಂದುವರಿಯುವುದಾದರೆ ವರ್ಷದ ನಡುವೆ ಆಂತರಿಕದಲ್ಲಿ 5 ತೆಗೆದವನು ಎರಡನೆಯ ಸಲವೂ ಆ 5ರ ಭಾರ ಹೊತ್ತೇ ಬರೆಯಬೇಕು. ಅವನಿಗೆ ಒಟ್ಟು 35 ಮುಟ್ಟಲು ಲಿಖಿತದಲ್ಲಿ 28 ಸಾಲದು, 30 ಬೇಕು.

ಮೊದಲನೆಯದು ಅಭ್ಯಾಸಕ್ಕೆ ಎಂಬ ನಂಬಿಕೆಯನ್ನು ಬರೀ ಮಾತಿನಿಂದ ಬಿಡಿಸಲಾಗದು, ಕ್ಯಾಲೆಂಡರು ಬೇಕು. ಮೊದಲ ಪರೀಕ್ಷೆಯ ಕೊನೆಯ ದಿನ, ಫಲಿತಾಂಶದ ದಿನ, ಎರಡನೆಯದಕ್ಕೆ ಅರ್ಜಿ ಹಾಕುವ ಕೊನೆಯ ದಿನ, ಎರಡನೆಯ ಪರೀಕ್ಷೆ ಶುರುವಾಗುವ ದಿನ, ಇವಿಷ್ಟನ್ನು ಒಂದು ಗೆರೆಯ ಮೇಲೆ ಗುರುತಿಸಿ. ಫಲಿತಾಂಶ ಬಂದು ಎರಡನೆಯ ಪರೀಕ್ಷೆ ಶುರುವಾಗಲು ನಡುವೆ 20 ದಿನ ಇದೆ ಎನ್ನೋಣ. ನಾಲ್ಕು ವಿಷಯ ಉಳಿಸಿಕೊಂಡ ಮಗುವಿಗೆ ವಿಷಯಕ್ಕೆ ಐದು ದಿನ. ಒಂದೇ ವಿಷಯ ಉಳಿಸಿಕೊಂಡವರಿಗೆ 20 ದಿನ. ಎರಡನೆಯ ಅವಕಾಶ ನಿಜಕ್ಕೂ ಸಹಾಯಕ್ಕೆ ಬರುವುದು ಒಂದೆರಡು ವಿಷಯ ಬಾಕಿ ಇದ್ದವರಿಗೆ ಎಂಬುದು ಈ ಭಾಗಾಕಾರದಿಂದಲೇ ಕಾಣುತ್ತದೆ. ಅರ್ಜಿಯ ಕೊನೆಯ ದಿನಾಂಕವನ್ನು ಹಾಳೆಯ ಮೇಲೆ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿ. ಫಲಿತಾಂಶದ ಬೇಸರದಲ್ಲಿ ಮನೆಯವರು ತಪ್ಪಿಸಿಕೊಳ್ಳುವುದು ಆ ಒಂದು ದಿನವನ್ನೇ.

ಮನೆಯವರ ಪಾಲಿನ ಕೆಲಸ

"ಮಕ್ಕಳಿಗೆ ಪ್ರೋತ್ಸಾಹ ಕೊಡಿ, ಟಿವಿ ಆರಿಸಿ" ಎಂಬ ಸ್ಲೈಡು ಇದ್ದರೆ ತೆಗೆದುಹಾಕಿ. ಅದನ್ನು ಪೋಷಕರು ಪ್ರತಿವರ್ಷ ಕೇಳಿದ್ದಾರೆ. ಹೊಸ ನಿಯಮಕ್ಕೆ ಹೊಂದುವಂಥ ಕೆಲಸವನ್ನಷ್ಟೇ ಹೇಳಿ, ಅದನ್ನು ಸಭೆಯಲ್ಲೇ ಮಾಡಿ ತೋರಿಸಿ.

ಅನ್ವಯ ಪ್ರಶ್ನೆಗೆ ಸಹಾಯ ಮಾಡಲು ತಮಗೆ ವಿಷಯ ಗೊತ್ತಿಲ್ಲ ಎಂಬುದು ಹೆಚ್ಚಿನ ಪೋಷಕರ ಅಳುಕು. ಗೊತ್ತಿರಬೇಕಿಲ್ಲ. ಮಗು ಒಂದು ಪಾಠ ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ, ಆ ಪುಸ್ತಕವನ್ನು ಪೋಷಕರು ತಮ್ಮ ಕೈಗೆ ತೆಗೆದುಕೊಳ್ಳಲಿ. "ಏನಿತ್ತು ಇದರಲ್ಲಿ, ಹೇಳು" ಎನ್ನಲಿ. ನಂತರ "ಯಾಕೆ ಹಾಗಾಗುತ್ತೆ?" ಎಂದು ಕೇಳಲಿ. ಕೊನೆಗೆ "ಹಾಗಲ್ಲದೆ ಬೇರೆ ಥರ ಇದ್ದಿದ್ರೆ ಏನಾಗ್ತಿತ್ತು?" ಎನ್ನಲಿ. ದ್ಯುತಿಸಂಶ್ಲೇಷಣೆಯ ಪಾಠವಾದರೆ ಮೂರನೆಯ ಪ್ರಶ್ನೆ "ಗಿಡವನ್ನು ಕತ್ತಲ ಕೋಣೇಲಿ ಇಟ್ಟಿದ್ರೆ?" ಎಂದಾಗುತ್ತದೆ. ಮಗು ತಡವರಿಸಿದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದರೆ ಮುಗಿಯಿತು. ಉತ್ತರ ಸರಿಯೋ ತಪ್ಪೋ ನೋಡುವುದು ಮರುದಿನ ಶಿಕ್ಷಕರ ಕೆಲಸ. ವೇದಿಕೆಗೆ ಒಬ್ಬ ಪೋಷಕರನ್ನೂ ಒಬ್ಬ ವಿದ್ಯಾರ್ಥಿಯನ್ನೂ ಕರೆದು ಎರಡು ನಿಮಿಷ ಇದನ್ನು ಮಾಡಿಸಿ. ಆದರೆ ಅವರು ತಂದೆ ಮಗು ಆಗಿರಬಾರದು. ಸ್ವಂತ ಮಗು ಎಲ್ಲರ ಮುಂದೆ ತಡವರಿಸಿದರೆ ಇಬ್ಬರಿಗೂ ಮುಜುಗರ.

"ಮಗಳು ಪಾಠಾನ ನಾಲ್ಕು ಸಲ ಓದ್ತಾಳೆ, ಆದ್ರೂ ಬರಿಯಕ್ಕಾಗಲ್ಲ" ಎನ್ನುವ ಪೋಷಕರಿಗೆ ಇದು ಯಾಕೆಂದು ಹೇಳಬೇಕು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಗದ್ಯಭಾಗವನ್ನು ಮತ್ತೆ ಓದಿದವರು, ನೋಡದೆ ನೆನಪಿಸಿಕೊಂಡು ಬರೆದವರು ಎಂದು ಎರಡು ಗುಂಪು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತು, ನೆನಪಿಸಿಕೊಂಡು ಬರೆದವರು ಮುಂದೆ ಬಂದರು. ಮತ್ತೆ ಮತ್ತೆ ಓದುವಾಗ ಎಲ್ಲ ಗೊತ್ತಿದೆ ಎನಿಸುವುದು ಆ ಐದು ನಿಮಿಷದ ಭ್ರಮೆ.

ಎರಡನೆಯ ಕೆಲಸ ಗಡಿಯಾರ ನೋಡುವುದು. 80 ಅಂಕದ ಪತ್ರಿಕೆಗೆ ಮೂರು ಗಂಟೆ, ಅಂದರೆ 180 ನಿಮಿಷ. ಒಂದು ಅಂಕಕ್ಕೆ 2 ನಿಮಿಷದಂತೆ 160 ನಿಮಿಷ ಬರೆಯಲು, ಉಳಿದ 20 ಪ್ರಶ್ನೆ ಓದಲು ಮತ್ತು ಕೊನೆಗೆ ತಿದ್ದಿ ನೋಡಲು. ಹಾಗಾಗಿ 5 ಅಂಕದ ಉತ್ತರಕ್ಕೆ 10 ನಿಮಿಷ. ಮನೆಯಲ್ಲಿ ವಾರಕ್ಕೆರಡು ಸಲ ಒಂದು 5 ಅಂಕದ ಪ್ರಶ್ನೆ ಕೊಟ್ಟು 10 ನಿಮಿಷಕ್ಕೆ ಪೆನ್ನು ಕೆಳಗಿಡಿಸಿದರೆ ಸಾಕು. ಅನ್ವಯ ಪ್ರಶ್ನೆಯಲ್ಲಿ ಓದುವುದಕ್ಕೇ ಮೂರು ನಾಲ್ಕು ನಿಮಿಷ ಹೋಗುತ್ತದೆ ಎಂಬುದು ಮಗುವಿಗೆ ಮೊದಲ ಸಲ ಪರೀಕ್ಷಾ ಕೊಠಡಿಯಲ್ಲಿ ಗೊತ್ತಾಗಬಾರದು. 10 ನಿಮಿಷಕ್ಕೆ ಅರ್ಧ ಪುಟವೂ ಆಗದಿದ್ದರೆ ಎರಡು ಸಾಧ್ಯತೆ: ವಿಷಯ ಗೊತ್ತಿಲ್ಲ, ಇಲ್ಲವೇ ಕೈ ನಿಧಾನ. ಅದೇ ಉತ್ತರವನ್ನು ಬಾಯಲ್ಲಿ ಹೇಳಿಸಿ ನೋಡಿ. ಪಟಪಟ ಹೇಳಿದರೆ ಕೊರತೆ ಬರವಣಿಗೆಯ ವೇಗದಲ್ಲಿದೆ. ಓದಿಸುವುದರಿಂದ ಅದು ಸರಿಹೋಗುವುದಿಲ್ಲ.

ಆಂತರಿಕ ಅಂಕದ ವಿಷಯಕ್ಕೆ ಬಂದರೆ ಪೋಷಕರ ಕೆಲಸ ದಿನಾಂಕ ನೆನಪಿಡುವುದು, ಕೊಟ್ಟ ಅಂಕವನ್ನು ಮಂಡಳಿಗೆ ಕಳಿಸುವ ಮೊದಲು ನೋಡಿ ಸಹಿ ಹಾಕುವುದು. ಚಾರ್ಟು ಬರೆದುಕೊಡುವುದಲ್ಲ! ದೊಡ್ಡವರ ಅಕ್ಷರದ ಸುಂದರ ಪ್ರಾಜೆಕ್ಟು ಮೌಖಿಕ ಪ್ರಶ್ನೆಯ ಹೊತ್ತಿಗೆ ಮಗುವನ್ನು ಕೈಬಿಡುತ್ತದೆ. ಸಹಿಗೆ ಕರೆಯುವ ದಿನವನ್ನು ಶಾಲೆ ಈ ಸಭೆಯಲ್ಲೇ ಘೋಷಿಸಬೇಕು. ಅಂಕ ಒಮ್ಮೆ ಮೇಲಕ್ಕೆ ಹೋದ ಮೇಲೆ ತಿದ್ದಿಸುವುದು ಸುಲಭವಲ್ಲ.

ನಿದ್ದೆಯ ಬಗ್ಗೆ ಒಂದೇ ಮಾತು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಶಿಫಾರಸು ಮಾಡಿದೆ. ಬೆಳಗ್ಗೆ 5ಕ್ಕೆ ಎಬ್ಬಿಸುವ ಮನೆಯಲ್ಲಿ ರಾತ್ರಿ 9ಕ್ಕೆ ದೀಪ ಆರಬೇಕು. ಎರಡು ತುದಿಯಲ್ಲೂ ಎಳೆಯುವಂತಿಲ್ಲ.

ಸಭೆಯ ದಿನದ ಸಣ್ಣ ಸಂಗತಿಗಳು

ಎಂಟು ಸ್ಲೈಡಿಗಿಂತ ಹೆಚ್ಚು ಬೇಡ. ಹಿಂದಿನ ದಿನ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ಪ್ರತಿಯೊಂದನ್ನೂ ಓದಿ ನೋಡಿ. ಓದಲಾಗದ ಸ್ಲೈಡಿನಲ್ಲಿ ಅಕ್ಷರ ಚಿಕ್ಕದಲ್ಲ, ಮಾತು ಹೆಚ್ಚಾಗಿದೆ. ಕರೆಂಟು ಹೋದರೂ ಅಂಕಪಟ್ಟಿಯ ಭಾಗವನ್ನು ಕರಿಹಲಗೆಯ ಮೇಲೆ ಮಾಡುವಂತಿರಬೇಕು. ಮಕ್ಕಳಿಗೆ ಇದೇ ಲೆಕ್ಕವನ್ನು ಸಭೆಗೆ ಮೊದಲೇ ತರಗತಿಯಲ್ಲಿ ಮಾಡಿಸಿರಿ. ಇಲ್ಲದಿದ್ದರೆ ಪೋಷಕರು ಮನೆಗೆ ಹೋಗಿ ಹೇಳುವ ಹೊಸ ನಿಯಮ ಮಗುವಿನ ಕಿವಿಗೆ ಬೈಗುಳದಂತೆ ಬೀಳುತ್ತದೆ.

ಪ್ರಶ್ನೆಗಳಿಗೆ 20 ನಿಮಿಷ ಇಡಿ, ಆದರೆ ಮೈಕು ಹಂಚುವ ಬದಲು ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕು ಕೊಟ್ಟರೆ ಇಬ್ಬರು ಮಾತಾಡುತ್ತಾರೆ, ಅದರಲ್ಲಿ ಒಬ್ಬರು ಪ್ರಶ್ನೆ ಕೇಳುವುದೇ ಇಲ್ಲ. ಚೀಟಿಗಳನ್ನು ಉಪಪ್ರಾಂಶುಪಾಲರು ಎರಡು ಗುಡ್ಡೆ ಮಾಡಲಿ: ಎಲ್ಲರಿಗೂ ಸಂಬಂಧಿಸಿದ್ದು ಮತ್ತು ಒಂದೇ ಮಗುವಿಗೆ ಸಂಬಂಧಿಸಿದ್ದು. ಎರಡನೆಯದನ್ನು ವೇದಿಕೆಯಿಂದ ಓದಬಾರದು. ಕೈಬರಹ ಸಮಸ್ಯೆ, ಓದುವ ತೊಂದರೆ, ಕಾಯಿಲೆ ಇರುವ ಮಕ್ಕಳಿಗೆ ಹೆಚ್ಚುವರಿ ಸಮಯ ಅಥವಾ ಬರಹಗಾರರ ಸೌಲಭ್ಯ ಕೇಳುವ ಪೋಷಕರು ಈ ಗುಡ್ಡೆಯಲ್ಲಿರುತ್ತಾರೆ. ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಮುಂಚಿತ ಅರ್ಜಿಯೂ ಬೇಕಾಗುವುದರಿಂದ ಅವರನ್ನು ಅದೇ ವಾರ ಕಚೇರಿಗೆ ಕರೆಯಿರಿ.

ಹೊರಗೆ ಹೋಗುವಾಗ ಕೊಡುವ ಹಾಳೆ ಒಂದೇ ಪುಟದ್ದಿರಲಿ: ಎರಡು ಗೆರೆಯ ಅಂಕಿ, ನಾಲ್ಕು ದಿನಾಂಕ, ಶಾಲೆಯಲ್ಲಿ ಕೇಳಬೇಕಾದವರ ಹೆಸರು. ಬಾರದಿದ್ದ ಪೋಷಕರ ಮನೆಗೆ ಮಗುವಿನ ಕೈಯಲ್ಲಿ ಹಾಳೆ ಕಳಿಸಿ, ತರಗತಿ ಶಿಕ್ಷಕರು ಒಂದು ಫೋನ್ ಮಾಡಿ "ಲಿಖಿತದಲ್ಲಿ ಎಷ್ಟು ಬೇಕು ಹೇಳಿ ನೋಡೋಣ" ಎಂದು ಕೇಳಲಿ. ಹಾಳೆಯ ನೆತ್ತಿಯ ಮೇಲೆ ಅಚ್ಚಾದ ದಿನಾಂಕ ಇರಲೇಬೇಕು. ಮಂಡಳಿ ನಡುವೆ ತಿದ್ದುಪಡಿ ಹೊರಡಿಸಿದರೆ ಹೊಸ ಹಾಳೆಯನ್ನು ಬೇರೆ ಬಣ್ಣದ ಕಾಗದದಲ್ಲಿ ಕೊಟ್ಟು, ಹಳೆಯದನ್ನು ಮರಳಿ ತರಿಸಿಕೊಳ್ಳಿ.